ಚಾಕು, ಕೊಡಲಿ ಎಸೆತ: ಎಷ್ಟು ದೂರ ನಿಲ್ಲಬೇಕು, ಹೇಗೆ ಹಿಡಿಯಬೇಕು, ಸುತ್ತು ಹೇಗೆ ಹೊಂದಿಸಬೇಕು

ಚಾಕು ಎಸೆಯೋದನ್ನ ಹವ್ಯಾಸವಾಗಿ ಶುರು ಮಾಡಿದವರೆಲ್ಲ ಕೇಳುವ ಪ್ರಶ್ನೆ ಸುಮಾರು ಒಂದೇ. "ಮೂರು ಮೀಟರ್ ದೂರ ನಿಂತು ಎಸೀತೀನಿ. ಒಂದು ಚುಚ್ಚುತ್ತೆ, ಉಳಿದವು ಹಲಗೆಗೆ ಬಡಿದು ಬೀಳ್ತವೆ. ಜೋರಾಗಿ ಎಸೆದ್ರೂ ಅಷ್ಟೇ, ಮೆಲ್ಲಗೆ ಎಸೆದ್ರೂ ಅಷ್ಟೇ. ಏನು ತಪ್ಪು?" ಕೊಡಲಿ ಎಸೆಯುವವರದ್ದೂ ಇದೇ ಗೋಳು.

ಕೈ ಬದಲಿಸಬೇಡಿ, ನಿಂತ ಜಾಗ ಬದಲಿಸಿ. ಉತ್ತರ ಇಷ್ಟೇ. ಆದರೆ ಮುಂದೆ ಹೋಗಬೇಕೋ ಹಿಂದೆ ಬರಬೇಕೋ, ಎಷ್ಟು ಹೋಗಬೇಕು ಅನ್ನೋದು ಹಲಗೆಯ ಮೇಲೆ ಚಾಕು ಹೇಗೆ ಬಿತ್ತು ಅನ್ನೋದರಲ್ಲೇ ಇರುತ್ತದೆ. ಅದನ್ನು ಓದೋದು ಹೇಗೆ ಅಂತ ಹೇಳೋದೇ ಈ ಲೇಖನದ ಕೆಲಸ. ಇಲ್ಲಿರೋದು ಮರದ ಹಲಗೆಗೆ ಗುರಿಯಿಟ್ಟು ಎಸೆಯುವ ಆಟದ ವಿಚಾರ ಮಾತ್ರ.

ಮೊದಲು ಒಂದೆರಡು ಪದ. "ಸುತ್ತು" ಅಂದರೆ ಕೈ ಬಿಟ್ಟ ಚಾಕು ಗಾಳಿಯಲ್ಲಿ ತಲೆಕೆಳಗಾಗಿ ಮತ್ತೆ ಮೊದಲಿನ ಸ್ಥಿತಿಗೆ ಬರೋದು. "ಅಲಗು" ಅಂದರೆ ಚಾಕುವಿನ ಲೋಹದ ಪಟ್ಟಿ, "ಮೊನೆ" ಅದರ ತುದಿ, "ಹಿಡಿ" ಹಿಡಿದುಕೊಳ್ಳುವ ಭಾಗ. ಕೊಡಲಿಯ ಮರದ ಹಿಡಿಗೆ "ಕಾವು" ಅಂತೀನಿ, ಅದರ ಹರಿತವಾದ ಅಂಚಿಗೆ "ಬಾಯಿ" ಅಂತೀನಿ.

ಏನೇನು ಬೇಕು

ಒಂದೇ ಥರದ ಮೂರು ಚಾಕು ಬೇಕು. ಒಂದೇ ತೂಕ, ಒಂದೇ ಉದ್ದ. ಬೇರೆ ಬೇರೆ ಚಾಕು ಇಟ್ಟುಕೊಂಡರೆ ತಪ್ಪು ನಿಮ್ಮದೋ ಚಾಕುವಿನದೋ ಗೊತ್ತಾಗೋದಿಲ್ಲ. ಕಲಿಯುವವರಿಗೆ 28ರಿಂದ 35 ಸೆಂಟಿಮೀಟರ್ ಉದ್ದ, 250 ಗ್ರಾಂ ಆಸುಪಾಸಿನ ತೂಕ ಚೆನ್ನ. ಅಂಗೈಯಷ್ಟು ಉದ್ದದ ಪುಟ್ಟ ಚಾಕುಗಳು ನೋಡೋಕೆ ಚಂದ, ಆದರೆ ಹಗುರ. ಕೈಯಲ್ಲಾದ ಸಣ್ಣ ಎಡವಟ್ಟೂ ಅವುಗಳಲ್ಲಿ ದೊಡ್ಡದಾಗಿ ಕಾಣುತ್ತದೆ. ಮೊನೆ ಚೂಪಾಗಿರಬೇಕು, ಅಂಚು ಮಾತ್ರ ಹರಿತ ಇರಲೇಬಾರದು, ಯಾಕಂದ್ರೆ ಅಲಗನ್ನೇ ಹಿಡಿದು ಎಸೆಯುವ ಸಂದರ್ಭ ಬರುತ್ತದೆ. ಅಡುಗೆಮನೆ ಚಾಕುವನ್ನು ಎಸೆಯಬೇಡಿ. ಅದರ ಉಕ್ಕು ಗಡುಸು, ಬಡಿದಾಗ ಚೂರು ಸಿಡಿಯುತ್ತದೆ. ಎಸೆಯುವ ಚಾಕುವಿನ ಉಕ್ಕು ಸ್ವಲ್ಪ ಮೆದು, ಅದು ಮುರಿಯುವ ಬದಲು ಬಾಗುತ್ತದೆ.

ಕೊಡಲಿಯಾದರೆ ಕಾವು 35ರಿಂದ 40 ಸೆಂಟಿಮೀಟರ್, ತಲೆ 600ರಿಂದ 700 ಗ್ರಾಂ ಇದ್ದರೆ ಸಾಕು. ತಲೆ ಕಾವಿನಲ್ಲಿ ಅಲುಗಾಡಬಾರದು. ಪ್ರತಿ ಸಲ ಎಸೆಯೋಕೆ ಮುಂಚೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ.

ಗುರಿಗೆ ಮೆದು ಮರದ ದಪ್ಪ ದಿಮ್ಮಿಯನ್ನು ಅಡ್ಡ ಕೊಯ್ದು, ಉಂಗುರ ಕಾಣುವ ಮುಖ ನಿಮ್ಮ ಕಡೆ ಬರುವಂತೆ ನಿಲ್ಲಿಸಿ. ಆ ಮುಖದಲ್ಲಿ ಮರದ ನಾರು ನಿಮ್ಮ ಕಡೆಗೆ ತಿರುಗಿರುವುದರಿಂದ ಮೊನೆ ನಾರುಗಳ ನಡುವೆ ಸಲೀಸಾಗಿ ಇಳಿಯುತ್ತದೆ. ಪಕ್ಕದ ಮುಖಕ್ಕೆ ಎಸೆದರೆ ನಾರು ಅಡ್ಡ ಬರುತ್ತದೆ, ಚಾಕು ಪುಟಿಯುತ್ತದೆ. ಒಣಗಿ ಗಟ್ಟಿಯಾದ ಮರವೂ ಹಾಗೆಯೇ. ದಿಮ್ಮಿ ಒಣಗಿದ್ದರೆ ಹಿಂದಿನ ರಾತ್ರಿ ನೀರು ಸುರಿದು ನೆನೆಸಿ. ಪ್ಲೈವುಡ್ ಬೇಡ. ಜೀವಂತ ಮರಕ್ಕಂತೂ ಎಸೆಯಲೇಬೇಡಿ, ಗಾಯದಿಂದ ಮರ ಕೊಳೆಯೋಕೆ ಶುರುವಾಗುತ್ತದೆ.

ಜೊತೆಗೆ ಅಳತೆ ಟೇಪು, ಒಂದು ಸೀಮೆಸುಣ್ಣ, ಲೋಹ ಉಜ್ಜುವ ಅರ. ಕಾಲಿಗೆ ಮುಚ್ಚಿದ ಬೂಟು.

ಎಸೆಯುವ ಮುಂಚೆ ಸುರಕ್ಷತೆ

ಚಾಕು ಪುಟಿದು ಹಿಂದಕ್ಕೆ ಬರುತ್ತದೆ. ಇದನ್ನು ನೋಡುವ ತನಕ ಯಾರೂ ನಂಬೋದಿಲ್ಲ. ಹಿಡಿಯ ಕಡೆ ಹಲಗೆಗೆ ಬಡಿದರೆ ನೀವು ನಿಂತ ಜಾಗದವರೆಗೂ ಹಾರಿ ಬರಬಹುದು, ಕೊಡಲಿಯೂ ಅಷ್ಟೇ. ಆದ್ದರಿಂದ ನೋಡುವವರು ಎಸೆಯುವವರ ಹಿಂದೆ ಕನಿಷ್ಠ ಮೂರು ಮೀಟರ್ ದೂರ ಇರಲಿ, ಪಕ್ಕದಲ್ಲಿ ಯಾರೂ ಬೇಡ. ಹಲಗೆಯ ಹಿಂದೆ ಗೋಡೆಯೋ ಮಣ್ಣಿನ ದಿಬ್ಬವೋ ಇರಬೇಕು, ಓಡಾಡುವ ದಾರಿ ಇರಬಾರದು. ಒಂದು ಸಲಕ್ಕೆ ಒಬ್ಬರೇ ಎಸೆಯಿರಿ. ಎಲ್ಲ ಎಸೆದು ಮುಗಿದ ಮೇಲೆ ಮಾತ್ರ ಹೋಗಿ ತನ್ನಿ. ಮಕ್ಕಳು, ನಾಯಿ ಹತ್ತಿರ ಇದ್ದರೆ ಆಟ ನಿಲ್ಲಿಸಿ. ಕುಡಿದು ಎಸೆಯೋದಂತೂ ಬೇಡವೇ ಬೇಡ. ಚಾಕು, ಕೊಡಲಿ ಹೊತ್ತುಕೊಂಡು ಹೊರಗೆ ಓಡಾಡೋದಕ್ಕೆ ನೀವಿರುವ ಕಡೆ ಏನು ನಿಯಮ ಇದೆ ಅಂತಲೂ ತಿಳಿದುಕೊಂಡಿರಿ.

1. ಸುತ್ತು ಎಲ್ಲಿಂದ ಬರುತ್ತದೆ ಅಂತ ಅರ್ಥ ಮಾಡಿಕೊಳ್ಳಿ

ಈ ಭಾಗ ಬಿಟ್ಟು ಮುಂದಕ್ಕೆ ಓಡಬೇಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಬಹಳ ಜನ ಮಣಿಕಟ್ಟಿನಿಂದ ಚಾಕುವನ್ನು "ತಿರುಗಿಸಬೇಕು" ಅಂದುಕೊಂಡಿರುತ್ತಾರೆ. ಹಾಗಲ್ಲ. ಕೈ ಮೇಲಿಂದ ಮುಂದಕ್ಕೆ ಬೀಸುವಾಗ ಅದು ನೇರ ಗೆರೆಯಲ್ಲಿ ಹೋಗೋದಿಲ್ಲ, ಮೊಣಕೈ ಮತ್ತು ಭುಜದ ಸುತ್ತ ಕಮಾನಿನಂತೆ ಹೋಗುತ್ತದೆ. ಕೈಯಲ್ಲಿರುವ ಚಾಕುವೂ ಅದೇ ಕಮಾನಿನಲ್ಲಿ ತಿರುಗುತ್ತಾ ಇರುತ್ತದೆ. ನೀವು ಬೆರಳು ಸಡಿಲಿಸಿದಾಗ ಚಾಕು ಮುಂದಕ್ಕೆ ಹಾರುತ್ತದೆ, ಆದರೆ ಆಗಲೇ ಬಂದಿದ್ದ ತಿರುಗುವಿಕೆಯನ್ನೂ ಜೊತೆಗೆ ತಗೊಂಡು ಹೋಗುತ್ತದೆ. ಅಂದರೆ ಸುಮ್ನೆ ಬೀಸಿ ಬಿಟ್ಟರೆ ಸಾಕು, ಸುತ್ತು ತಾನಾಗೇ ಬರುತ್ತದೆ.

ಇದರಿಂದ ಒಂದು ಅಚ್ಚರಿಯ ವಿಷಯ ಹೊರಡುತ್ತದೆ. ಜೋರಾಗಿ ಬೀಸಿದರೆ ಚಾಕುವಿನ ವೇಗ ಹೆಚ್ಚುತ್ತದೆ, ಅದೇ ಅಳತೆಯಲ್ಲಿ ತಿರುಗುವ ವೇಗವೂ ಹೆಚ್ಚುತ್ತದೆ. ಬೇಗ ಹೋಗಿ ತಲುಪುತ್ತದೆ, ಆದರೆ ಬೇಗ ಬೇಗ ತಿರುಗಿಯೂ ಇರುತ್ತದೆ. ಹಾಗಾಗಿ ಒಂದು ಸುತ್ತಿಗೆ ಎಷ್ಟು ದೂರ ಬೇಕು ಅನ್ನೋದು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಮೇಲಿನ ಪ್ರಶ್ನೆಯಲ್ಲಿ ಜೋರಾಗಿ ಎಸೆದರೂ ಮೆಲ್ಲಗೆ ಎಸೆದರೂ ಚುಚ್ಚಲಿಲ್ಲ ಅಂದಿದ್ದರಲ್ವಾ, ಕಾರಣ ಇದೇ. ಸುತ್ತು ತಪ್ಪಿದಾಗ ಬಲ ಹೆಚ್ಚಿಸಿ ಏನೂ ಸಿಗೋದಿಲ್ಲ. ತಪ್ಪು ಕೋನದಲ್ಲಿ ಇನ್ನೂ ಜೋರಾಗಿ ಬಡಿದು ಇನ್ನೂ ದೂರ ಪುಟಿಯುತ್ತದೆ, ಅಷ್ಟೇ.

ಹಾಗಾದರೆ ಸುತ್ತಿನ ದೂರ ಯಾವುದರಿಂದ ಬದಲಾಗುತ್ತದೆ? ಮುಖ್ಯವಾಗಿ ಕಮಾನಿನ ಅಳತೆಯಿಂದ. ಕೈ ಉದ್ದ ಇದ್ದವರಿಗೆ, ಭುಜದಿಂದ ದೊಡ್ಡದಾಗಿ ಬೀಸುವವರಿಗೆ ಒಂದು ಸುತ್ತಿಗೆ ಜಾಸ್ತಿ ದೂರ ಬೇಕು. ಬರೀ ಮೊಣಕೈಯಿಂದ ಚಿಕ್ಕದಾಗಿ ಬೀಸುವವರಿಗೆ ಕಡಿಮೆ ದೂರ ಸಾಕು. ಕೊಡಲಿಯ ತೂಕ ಕೈಯಿಂದ ದೂರ, ಕಾವಿನ ತುದಿಯಲ್ಲಿ ಇರುವುದರಿಂದ ಅದಕ್ಕೆ ಚಾಕುವಿಗಿಂತ ಜಾಸ್ತಿ ದೂರ ಬೇಕಾಗುತ್ತದೆ. ಬಿಡುವಾಗ ಮಣಿಕಟ್ಟು ಝಾಡಿಸಿದರೆ ತಿರುಗುವ ವೇಗ ಮಾತ್ರ ಹೆಚ್ಚುತ್ತದೆ, ಮುಂದಿನ ವೇಗ ಅಷ್ಟಾಗಿ ಹೆಚ್ಚೋದಿಲ್ಲ. ಒಂದು ಸಲ ಝಾಡಿಸಿ ಇನ್ನೊಂದು ಸಲ ಝಾಡಿಸದಿದ್ದರೆ ಒಂದೇ ಜಾಗದಲ್ಲಿ ನಿಂತರೂ ಪ್ರತಿ ಎಸೆತ ಬೇರೆ ಬೇರೆ ಆಗುತ್ತದೆ. ಕಲಿಯುವವರ ಎಸೆತ ಚದುರೋದಕ್ಕೆ ಇದೇ ದೊಡ್ಡ ಕಾರಣ.

ಬೇರೆಯವರು ಹೇಳಿದ ದೂರ ನಿಮಗೆ ಸರಿಹೋಗದೆ ಇರೋದೂ ಇದಕ್ಕೇ. ನಿಮ್ಮ ದೂರ ನಿಮ್ಮ ಕೈಗೆ ಸೇರಿದ್ದು.

2. ಹಿಡಿತವನ್ನು ಒಂದೇ ಥರ ಕಟ್ಟಿಹಾಕಿ

ಮೊಳೆ ಹೊಡೆಯುವ ಸುತ್ತಿಗೆ ಹಿಡಿದಂತೆ ಹಿಡಿಯೋದೇ ಶುರುವಿಗೆ ಒಳ್ಳೆಯದು. ಚಾಕುವಿನ ಹಿಡಿಯನ್ನು ಅಂಗೈಯಲ್ಲಿಟ್ಟು ನಾಲ್ಕೂ ಬೆರಳು ಸುತ್ತಿ, ಹೆಬ್ಬೆರಳನ್ನು ಬೆರಳುಗಳ ಮೇಲೆ ಅಥವಾ ಪಕ್ಕಕ್ಕೆ ಇಡಿ. ಹೆಬ್ಬೆರಳನ್ನು ಅಲಗಿನ ಬೆನ್ನ ಮೇಲೆ ಉದ್ದಕ್ಕೆ ಇಟ್ಟರೆ ಬಿಡುವಾಗ ಅದು ಚಾಕುವನ್ನು ತಡೆದು ಸುತ್ತನ್ನು ನಿಧಾನ ಮಾಡುತ್ತದೆ. ಅದು ತಪ್ಪಲ್ಲ, ಆದರೆ ಒಮ್ಮೆ ಮೇಲೆ ಒಮ್ಮೆ ಪಕ್ಕಕ್ಕೆ ಇಡೋದು ತಪ್ಪು. ಒಂದನ್ನು ಆರಿಸಿ, ಅದರಲ್ಲೇ ಇರಿ.

ಎಷ್ಟು ಬಿಗಿ? ಕೈ ಕೆಳಗೆ ಬಿಟ್ಟು ಅಲ್ಲಾಡಿಸಿದರೆ ಚಾಕು ಜಾರಬಾರದು, ಅದಕ್ಕಿಂತ ಬಿಗಿ ಬೇಡ. ಬಿಗಿಯಾಗಿ ಹಿಡಿದರೆ ಬೆರಳು ಬಿಚ್ಚೋಕೆ ತಡವಾಗುತ್ತದೆ, ಚಾಕು ಕೆಳಕ್ಕೆ ಹೋಗುತ್ತದೆ. ಬೆವರಿದ ಕೈಯಲ್ಲಿ ಎಸೆಯಬೇಡಿ, ಒರೆಸಿಕೊಳ್ಳಿ.

ಅಲಗನ್ನು ಹಿಡಿದು ಎಸೆಯುವಾಗ ಮೊನೆ ಅಂಗೈಗೆ ಚುಚ್ಚದಂತೆ, ಅಲಗಿನ ಭಾಗ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಚಪ್ಪಟೆಯಾಗಿ ಬರುವಂತೆ ಹಿಡಿಯಿರಿ. ಚಾಕುಗಳನ್ನು ಬಳಸುತ್ತಾ ಬಳಸುತ್ತಾ ಒಂದಕ್ಕೊಂದು ತಾಗಿ ಅಂಚಿನಲ್ಲಿ ಸಣ್ಣ ಮುಳ್ಳು ಏಳುತ್ತವೆ. ಅವು ಬೆರಳನ್ನು ಕೊಯ್ಯುತ್ತವೆ. ಆಗಾಗ ಅರ ಹಾಕಿ ಉಜ್ಜಿ ಸಮ ಮಾಡಿ.

ಕೊಡಲಿಯನ್ನು ಕಾವಿನ ತುದಿಯ ಹತ್ತಿರ ಹಿಡಿಯಿರಿ. ಕಲಿಯುವಾಗ ಎರಡೂ ಕೈ ಬಳಸಿದರೆ ನೇರವಾಗಿ ಹೋಗೋದು ಸುಲಭ. ಬಾಯಿ ಸರಿಯಾಗಿ ಮುಂದಕ್ಕೆ ತಿರುಗಿರಬೇಕು. ಕಾವು ಕೈಯಲ್ಲಿ ಸ್ವಲ್ಪ ಹೊರಳಿದರೂ ಕೊಡಲಿ ಓರೆಯಾಗಿ ಹೋಗಿ ಪಕ್ಕದಿಂದ ಬಡಿಯುತ್ತದೆ. ಹಿಡಿಯುವ ಜಾಗಕ್ಕೆ ಒಂದು ಸುತ್ತು ಟೇಪು ಅಂಟಿಸಿದರೆ ಕೈ ಪ್ರತಿ ಸಲ ಅಲ್ಲೇ ಕೂರುತ್ತದೆ.

3. ನಿಲ್ಲಿ, ಬೀಸಿ, ಬಿಡಿ

ಬಲಗೈಯವರು ಎಡಗಾಲು ಮುಂದಿಟ್ಟು ನಿಲ್ಲಿ. ದೂರವನ್ನು ಯಾವಾಗಲೂ ಹಲಗೆಯ ಮುಖದಿಂದ ಮುಂದಿನ ಕಾಲಿನ ಹೆಬ್ಬೆರಳಿನವರೆಗೆ ಅಳೆಯಿರಿ. ಎಸೆಯುವಾಗ ಹೆಜ್ಜೆ ಇಡುವ ಅಭ್ಯಾಸ ಇದ್ದರೆ ಹೆಜ್ಜೆ ಇಟ್ಟ ಮೇಲೆ ಕಾಲು ಎಲ್ಲಿದೆಯೋ ಅದೇ ಲೆಕ್ಕ. ಇದನ್ನು ಗಮನಿಸದೆ ಇರೋದು ತುಂಬಾ ಸಾಮಾನ್ಯ. ಗೆರೆ ಹಿಂದೆ ನಿಂತು ಒಂದು ಸಲ ಗೇಣು ಹೆಜ್ಜೆ, ಇನ್ನೊಂದು ಸಲ ಮೊಳ ಹೆಜ್ಜೆ ಇಟ್ಟರೆ ಅಳತೆಗೆ ಅರ್ಥವೇ ಇಲ್ಲ. ಶುರುವಿಗೆ ಹೆಜ್ಜೆ ಇಡದೆ, ತೂಕವನ್ನು ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ತಂದು ಎಸೆಯಿರಿ.

ಚಾಕುವನ್ನು ಕಿವಿಯ ಪಕ್ಕಕ್ಕೆ ಎತ್ತಿ, ಮಣಿಕಟ್ಟು ಗಟ್ಟಿಯಾಗಿಟ್ಟು, ಮುಂದಕ್ಕೆ ಬೀಸಿ. ಕೈ ಚಾಚುತ್ತಾ ಗುರಿಯ ಕಡೆ ಬರುವಾಗ ಚಾಕು ಜಾರಿ ಹೋಗೋಕೆ ಬಿಡಿ. ಬಿಟ್ಟ ಮೇಲೂ ಕೈ ನಿಲ್ಲಿಸಬೇಡಿ, ಗುರಿಯ ಕಡೆ ಪೂರ್ತಿ ಚಾಚಿ ಕೆಳಗಿಳಿಯಲಿ. ಬೀಸುವ ಮಧ್ಯದಲ್ಲಿ ಗಕ್ಕನೆ ಕೈ ನಿಲ್ಲಿಸಿದರೆ ಚಾಕು ತಾನಾಗಿ ಕಿತ್ತುಕೊಂಡು ಹೋಗುತ್ತದೆ, ಸುತ್ತು ಜಾಸ್ತಿಯಾಗುತ್ತದೆ.

ಬಲ ಎಷ್ಟು ಬೇಕು ಅಂದರೆ, ಮೊನೆ ಮೆದು ಮರದಲ್ಲಿ ಒಂದು ಸೆಂಟಿಮೀಟರ್ ಇಳಿಯುವಷ್ಟು. ಅದು ನೀವಂದುಕೊಂಡದ್ದಕ್ಕಿಂತ ಕಡಿಮೆ.

ಕೊಡಲಿಗೆ ಎರಡು ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ, ನೇರವಾಗಿ ಮುಂದಕ್ಕೆ ತನ್ನಿ. ಕೈಗಳು ಕಣ್ಣಿನ ಮಟ್ಟಕ್ಕೆ ಬಂದು ನೇರವಾದಾಗ ಬಿಡಿ. ಆ ಹೊತ್ತಿಗೆ ಕೊಡಲಿ ಹೆಚ್ಚು ಕಡಿಮೆ ನೆಟ್ಟಗೆ, ತಲೆ ಮೇಲಾಗಿ ಇರಬೇಕು.

4. ಎಲ್ಲಿಂದ ಶುರು ಮಾಡೋದು

ಹಿಡಿಯನ್ನು ಹಿಡಿದು ಎಸೆದರೆ ಚಾಕು ಪೂರ್ತಿ ಸುತ್ತುಗಳಲ್ಲಿ ಹೋಗಬೇಕು, ಅಂದರೆ ಒಂದು ಅಥವಾ ಎರಡು. ಅಲಗನ್ನು ಹಿಡಿದರೆ ಅರ್ಧ ಅಥವಾ ಒಂದೂವರೆ ಸುತ್ತು. ಯಾಕಂದ್ರೆ ಅಲಗು ಕೈಯಲ್ಲಿದ್ದಾಗ ಮೊನೆ ನಿಮ್ಮ ಕಡೆ ಇರುತ್ತದೆ, ಅದು ಗುರಿಯ ಕಡೆ ತಿರುಗೋಕೆ ಅರ್ಧ ಸುತ್ತು ಬೇಕೇ ಬೇಕು.

ಅಂದಾಜಿಗೆ ಇಷ್ಟು ಇಟ್ಟುಕೊಳ್ಳಿ: ಅರ್ಧ ಸುತ್ತಿಗೆ 2 ಮೀಟರ್, ಒಂದು ಸುತ್ತಿಗೆ 3 ಮೀಟರ್, ಒಂದೂವರೆಗೆ 4 ಮೀಟರ್, ಎರಡಕ್ಕೆ 5 ಮೀಟರ್ ಮೇಲೆ ಸ್ವಲ್ಪ. ಕೊಡಲಿಗೆ ಒಂದು ಸುತ್ತಿಗೆ 4 ಮೀಟರ್. ಯೂರೋಪಿನ ಸ್ಪರ್ಧೆಗಳಲ್ಲಿ ಚಾಕುವಿಗೆ 3, 5, 7 ಮೀಟರ್, ಕೊಡಲಿಗೆ 4, 7 ಮೀಟರ್ ಇಡುವುದೂ ಈ ಸುತ್ತುಗಳಿಗೆ ಹೊಂದುವಂತೆಯೇ.

ಇವು ಶುರು ಮಾಡುವ ಜಾಗ ಮಾತ್ರ. ಕೈ ಚಾಚಿ ಬಿಡುವುದರಿಂದ ಚಾಕು ಹಾರಲು ಶುರುವಾಗೋದು ನಿಮ್ಮ ಕಾಲಿಗಿಂತ ಅರ್ಧ ಮೀಟರ್‌ನಷ್ಟು ಮುಂದೆ. ಅದನ್ನು ಕಳೆದರೆ ಚಾಕು ಒಂದು ಸುತ್ತಿಗೆ ಗಾಳಿಯಲ್ಲಿ ತಗೊಳ್ಳುವ ದೂರ ಎರಡರಿಂದ ಎರಡೂವರೆ ಮೀಟರ್, ಕೊಡಲಿಯದ್ದು ಮೂರರಿಂದ ಮೂರೂವರೆ ಮೀಟರ್. ಮುಂದಿನ ಲೆಕ್ಕಕ್ಕೆ ಈ ಸಂಖ್ಯೆ ಬೇಕು, ನೆನಪಿಡಿ.

ನನ್ನ ಸಲಹೆ ಕೇಳಿದರೆ, ಹಿಡಿ ಹಿಡಿದು ಒಂದು ಸುತ್ತಿನಿಂದಲೇ ಶುರು ಮಾಡಿ. ಅರ್ಧ ಸುತ್ತಿನಲ್ಲಿ ಹಲಗೆ ತುಂಬಾ ಹತ್ತಿರ, ಪುಟಿದ ಚಾಕು ಮುಖದ ಹತ್ತಿರ ಬರುವ ಭಯದಲ್ಲಿ ಕೈ ಬಿಗಿಯಾಗುತ್ತದೆ.

5. ಹಲಗೆಯನ್ನು ಓದಿ

ಒಂದೇ ಜಾಗದಿಂದ ಐದಾರು ಎಸೆತ ಮಾಡಿ. ಮೂರು ಚಾಕು ಎಸೆದು, ತಂದು, ಮತ್ತೆ ಎಸೆಯಿರಿ. ಒಂದು ತಪ್ಪಿದ ತಕ್ಷಣ ಏನನ್ನೂ ಬದಲಿಸಬೇಡಿ, ಒಂದು ಎಸೆತ ಏನನ್ನೂ ಹೇಳೋದಿಲ್ಲ. ಹೆಚ್ಚಿನವು ಹೇಗೆ ಬಿದ್ದವು ಅಂತ ನೋಡಿ.

ಚಾಕು ಮೇಲಿಂದ ಮುಂದಕ್ಕೆ ತಿರುಗುತ್ತಾ ಹೋಗುತ್ತದೆ. ಕೊನೆಯಲ್ಲಿ ಮೊನೆ ಮೇಲಿನಿಂದ ಇಳಿದು ಗುರಿಯ ಕಡೆ ಬರುತ್ತದೆ. ಆದ್ದರಿಂದ:

ಮೊನೆ ಮೇಲೆ, ಹಿಡಿ ಕೆಳಗೆ ಇದ್ದರೆ ಸುತ್ತು ಇನ್ನೂ ಮುಗಿದಿಲ್ಲ. ಹಿಂದಕ್ಕೆ ಸರಿಯಿರಿ.

ಮೊನೆ ಕೆಳಗೆ, ಹಿಡಿ ಮೇಲೆ ಇದ್ದರೆ ಸುತ್ತು ಮುಗಿದು ಮುಂದಕ್ಕೆ ಹೋಗಿದೆ. ಹಲಗೆಯ ಹತ್ತಿರಕ್ಕೆ ಬನ್ನಿ.

ಹಿಡಿ ಹಿಡಿದು ಎಸೆದರೂ, ಅಲಗು ಹಿಡಿದು ಎಸೆದರೂ ನಿಯಮ ಇದೇ.

ಚುಚ್ಚದೆ ಬಿದ್ದ ಚಾಕುವಿನ ಕೋನ ತಿಳಿಯೋದು ಹೇಗೆ? ಹಲಗೆಯ ಮೇಲಿನ ಗುರುತು ನೋಡಿ. ಮೊನೆ ತಾಗಿದ್ದರೆ ಸಣ್ಣ ಚುಕ್ಕೆ ಅಥವಾ ಗೀರು ಇರುತ್ತದೆ, ಹಿಡಿಯ ತುದಿ ಬಡಿದಿದ್ದರೆ ಅಗಲವಾದ ತಗ್ಗು. ಉದ್ದಕ್ಕೆ ಪಟ್ಟಿಯಂಥ ಗುರುತು ಇದ್ದರೆ ಚಾಕು ಅಡ್ಡಡ್ಡ ಚಪ್ಪಟೆಯಾಗಿ ಬಡಿದಿದೆ. ಎಲ್ಲಕ್ಕಿಂತ ಸುಲಭ ಅಂದರೆ ಫೋನನ್ನು ಪಕ್ಕದ ಹಿಂಬದಿಯಲ್ಲಿ, ಪುಟಿದ ಚಾಕು ತಾಗದಷ್ಟು ದೂರ ನಿಲ್ಲಿಸಿ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ. ಚಾಕು ಹಲಗೆಗೆ ತಾಗುವ ಕ್ಷಣದಲ್ಲಿ ನಿಲ್ಲಿಸಿ ನೋಡಿದರೆ ಎಲ್ಲ ಸ್ಪಷ್ಟ.

ಕೊಡಲಿಯಲ್ಲಿ ನೋಡಬೇಕಾದ್ದು ಕಾವನ್ನು. ಸುತ್ತು ಕಡಿಮೆಯಾದರೆ ಕಾವಿನ ತುದಿ ಮೊದಲು ಹಲಗೆಗೆ ಬಡಿಯುತ್ತದೆ, ಚುಚ್ಚಿ ನಿಂತರೂ ಕಾವು ಹಲಗೆಗೆ ಅಂಟಿಕೊಂಡಂತೆ ಇರುತ್ತದೆ. ಹಿಂದಕ್ಕೆ ಬನ್ನಿ. ಸುತ್ತು ಜಾಸ್ತಿಯಾದರೆ ಕೊಡಲಿಯ ತಲೆಯ ಮೇಲ್ಭಾಗ ಬಡಿಯುತ್ತದೆ, ಕಾವು ನಿಮ್ಮ ಕಡೆಗೆ ಚಾಚಿಕೊಂಡಿರುತ್ತದೆ. ಮುಂದಕ್ಕೆ ಹೋಗಿ. ಬಾಯಿಯ ಮೇಲಿನ ಮೂಲೆ ಮೊದಲು ಇಳಿದು, ಕಾವು ಕೆಳಮುಖವಾಗಿ ಸ್ವಲ್ಪ ನಿಮ್ಮ ಕಡೆ ವಾಲಿದ್ದರೆ ಅದು ಒಳ್ಳೆಯ ಎಸೆತ.

6. ಎಷ್ಟು ಸರಿಯಬೇಕು ಅಂತ ಲೆಕ್ಕ ಹಾಕಿ

ಜನ ಇಲ್ಲಿ ಸುಮ್ನೆ ಅಂದಾಜಿನಲ್ಲಿ ದೊಡ್ಡ ಹೆಜ್ಜೆ ಹಿಂದೆ ಹಾಕುತ್ತಾರೆ, ಆಮೇಲೆ ಸುತ್ತು ಜಾಸ್ತಿಯಾಗಿ ಮತ್ತೆ ಮುಂದೆ ಬರುತ್ತಾರೆ, ಕೊನೆಗೆ ಗೊಂದಲ. ಲೆಕ್ಕ ಸುಲಭ ಇದೆ.

ಪೂರ್ತಿ ಸುತ್ತು ಅಂದರೆ 360 ಡಿಗ್ರಿ. ಚಾಕು ಅದಕ್ಕೆ ಸುಮಾರು 2.2 ಮೀಟರ್ ತಗೊಳ್ಳುತ್ತದೆ ಅಂತ ಇಟ್ಟುಕೊಳ್ಳೋಣ. 45 ಡಿಗ್ರಿ ಓರೆ ಅಂದರೆ ಸುತ್ತಿನ ಎಂಟನೇ ಒಂದು ಭಾಗ, ಅಂದರೆ 27 ಸೆಂಟಿಮೀಟರ್, ಹೆಚ್ಚು ಕಡಿಮೆ ಒಂದು ಪಾದದ ಉದ್ದ. ಚಪ್ಪಟೆಯಾಗಿ ಬಡಿದರೆ ಕಾಲು ಸುತ್ತು ತಪ್ಪಿದೆ, ಅಂದರೆ 55 ಸೆಂಟಿಮೀಟರ್, ಎರಡು ಪಾದ. ಕೊಡಲಿಗೆ 45 ಡಿಗ್ರಿ ಅಂದರೆ 35ರಿಂದ 40 ಸೆಂಟಿಮೀಟರ್.

ಒಂದು ಉದಾಹರಣೆ ಪೂರ್ತಿ ನೋಡೋಣ. ಕೈ ಸ್ವಲ್ಪ ಉದ್ದ ಇರುವ ಒಬ್ಬರು 30 ಸೆಂಟಿಮೀಟರ್ ಚಾಕುವಿನ ಹಿಡಿ ಹಿಡಿದು 3 ಮೀಟರ್‌ನಿಂದ ಎಸೆಯುತ್ತಾರೆ ಅಂದುಕೊಳ್ಳಿ. ಆರು ಎಸೆತದಲ್ಲಿ ನಾಲ್ಕು ಬಿದ್ದವು, ಎರಡು ಕಷ್ಟಪಟ್ಟು ನಿಂತವು. ನಿಂತ ಎರಡರಲ್ಲೂ ಮೊನೆ ಮೇಲಕ್ಕೆ, ಹಿಡಿ ಕೆಳಕ್ಕೆ ವಾಲಿದೆ, ಸುಮಾರು 45 ಡಿಗ್ರಿ. ಬಿದ್ದವು ಬಿಟ್ಟ ಗುರುತುಗಳಲ್ಲಿ ಮೊನೆಯ ಗೀರಿನ ಕೆಳಗೆ ಹಿಡಿ ತಾಗಿದ ಕಲೆಯೂ ಇದೆ. ಎಲ್ಲವೂ ಹಲಗೆಯ ನಡುವಿನ ಎತ್ತರದಲ್ಲೇ ಇವೆ. ಅಂದರೆ ಕೈ ಸರಿಯಿದೆ, ಸುತ್ತು ಮುಗಿಯೋಕೆ ಜಾಗ ಸಾಲುತ್ತಿಲ್ಲ.

ಒಂದು ಪಾದ ಹಿಂದೆ ಬಂದು 3.3 ಮೀಟರ್‌ನಲ್ಲಿ ಗೆರೆ ಹಾಕುತ್ತಾರೆ. ಈ ಸಲ ಆರರಲ್ಲಿ ನಾಲ್ಕು ಚುಚ್ಚುತ್ತವೆ, ಆದರೆ ಎಲ್ಲದರಲ್ಲೂ ಹಿಡಿ ಇನ್ನೂ ಸ್ವಲ್ಪ ಕೆಳಗೆ, 15 ಡಿಗ್ರಿಯಷ್ಟು. 45ಕ್ಕೆ ಒಂದು ಪಾದವಾದರೆ 15ಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಅಂಗೈ ಅಗಲದಷ್ಟು, 9–10 ಸೆಂಟಿಮೀಟರ್. 3.4 ಮೀಟರ್‌ಗೆ ಸರಿದ ಮೇಲೆ ಚಾಕು ಹಲಗೆಗೆ ನೇರವಾಗಿ ನಿಲ್ಲುತ್ತದೆ. ಅವರ ಒಂದು ಸುತ್ತಿನ ದೂರ 3.4 ಮೀಟರ್. ಅಲ್ಲಿ ಸೀಮೆಸುಣ್ಣದ ಗೆರೆ ಹಾಕಿ, ಇನ್ನು ಅದನ್ನು ಮುಟ್ಟೋದು ಬೇಡ.

7. ಎತ್ತರ ಮತ್ತು ಕೋನವನ್ನು ಒಟ್ಟಿಗೆ ನೋಡಿ

ಎಷ್ಟೋ ಜನ ದಾರಿ ತಪ್ಪೋದು ಇಲ್ಲಿ. ಕೋನ ತಪ್ಪಿದ ಪ್ರತಿ ಸಲವೂ ದೂರದ್ದೇ ತಪ್ಪಲ್ಲ. ಚಾಕುವನ್ನು ಬಿಡುವ ಕ್ಷಣ ತಪ್ಪಿದರೂ ಕೋನ ತಪ್ಪುತ್ತದೆ.

ಬೇಗ ಬಿಟ್ಟರೆ ಕೈ ಇನ್ನೂ ಮೇಲಕ್ಕೆ ಹೋಗುತ್ತಿರುತ್ತದೆ, ಚಾಕು ಎತ್ತರಕ್ಕೆ ಹೋಗುತ್ತದೆ. ಆಗ ಚಾಕು ಕೈಯಲ್ಲಿ ಇನ್ನೂ ಪೂರ್ತಿ ಮುಂದಕ್ಕೆ ವಾಲಿರೋದಿಲ್ಲ, ಹಾಗಾಗಿ ಮೊನೆ ಮೇಲಾಗಿ ಬಂದು ತಲುಪುತ್ತದೆ. ತಡವಾಗಿ ಬಿಟ್ಟರೆ ಕೈ ಕೆಳಗಿಳಿಯುತ್ತಿರುತ್ತದೆ, ಚಾಕು ಹಲಗೆಯ ಕೆಳಭಾಗಕ್ಕೆ ಬಡಿಯುತ್ತದೆ, ಮೊನೆ ಕೆಳಗಾಗಿರುತ್ತದೆ.

ಆದ್ದರಿಂದ ಎತ್ತರದಲ್ಲಿ ಬಿದ್ದು ಮೊನೆ ಮೇಲಿದ್ದರೆ ಬೇಗ ಬಿಟ್ಟಿದ್ದೀರಿ, ಕೆಳಗೆ ಬಿದ್ದು ಮೊನೆ ಕೆಳಗಿದ್ದರೆ ತಡವಾಗಿ ಬಿಟ್ಟಿದ್ದೀರಿ. ಇವೆರಡಕ್ಕೂ ಕಾಲು ಕದಲಿಸಬೇಡಿ. ಬೇಗ ಬಿಡುವವರು ಕೈಯನ್ನು ಗುರಿಯತ್ತ ಪೂರ್ತಿ ಚಾಚೋದನ್ನ ಗಮನಿಸಲಿ, ತಡವಾಗಿ ಬಿಡುವವರು ಹಿಡಿತ ಸಡಿಲ ಮಾಡಲಿ. ಎತ್ತರ ಸರಿಯಾಗಿದ್ದು ಬರೀ ಕೋನ ತಪ್ಪಿದ್ದರೆ ಮಾತ್ರ ದೂರ ಬದಲಿಸಿ.

ಎತ್ತರವೂ ಕೋನವೂ ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ ಮಣಿಕಟ್ಟು ಆಡುತ್ತಿದೆ ಅಂತ ಅನುಮಾನಿಸಿ. ವಿಡಿಯೋದಲ್ಲಿ ಚಾಕು ಬಿಡುವ ಕ್ಷಣ ನೋಡಿ. ಚಾಕುವೂ ಮುಂಗೈಯೂ ಬೀಸುವಾಗ ಇಟ್ಟುಕೊಂಡಿದ್ದ ಕೋನದಲ್ಲೇ ಇರಬೇಕು, ಮಣಿಕಟ್ಟು ಮುಂದಕ್ಕೆ ಮಡಿಚಿರಬಾರದು. ಸುಸ್ತಾದಾಗಲೂ ಹೀಗೇ ಆಗುತ್ತದೆ. ಮೊದಲು ಚೆನ್ನಾಗಿ ಚುಚ್ಚುತ್ತಿದ್ದದ್ದು ಆಮೇಲೆ ಹಲಗೆಯ ಕೆಳಭಾಗಕ್ಕೆ ಜಾರತೊಡಗಿದರೆ ಆ ದಿನಕ್ಕೆ ನಿಲ್ಲಿಸಿ.

ಎಡಕ್ಕೆ ಬಲಕ್ಕೆ ಓರೆಯಾಗಿ ನಿಂತರೆ ಅದು ಸುತ್ತಿನ ವಿಷಯ ಅಲ್ಲ. ಕೈ ದೇಹದ ಅಡ್ಡಕ್ಕೆ ಬೀಸುತ್ತಿದೆ, ನೇರವಾಗಿ ಗುರಿಯ ಕಡೆ ಬೀಸಿ.

ಇನ್ನೊಂದು ಮಾತು. ಕೋನ ಸರಿಯಾಗಿದೆ, ಎತ್ತರ ಸರಿಯಾಗಿದೆ, ಆದರೂ ಚುಚ್ಚುತ್ತಿಲ್ಲ ಅಂದರೆ ಮೊನೆ ಮೊಂಡಾಗಿದೆ ಅಥವಾ ಮರ ಒಣಗಿದೆ. ಮೊನೆಯನ್ನು ಅರದಿಂದ ತಿದ್ದಿ, ಮರ ನೆನೆಸಿ. ಇದನ್ನು ನೋಡದೆ ಕೈಯನ್ನೇ ತಿದ್ದಲು ಹೊರಟರೆ ಸರಿಯಿದ್ದ ಎಸೆತವೂ ಹಾಳಾಗುತ್ತದೆ.

8. ಒಂದು ಸುತ್ತು ಸಿಕ್ಕ ಮೇಲೆ ಉಳಿದ ದೂರ

ನಿಮ್ಮ ಒಂದು ಸುತ್ತಿನ ದೂರ ಗೊತ್ತಾದರೆ ಉಳಿದದ್ದನ್ನು ಅದರಿಂದಲೇ ಅಂದಾಜು ಮಾಡಬಹುದು. ಮೇಲಿನ ಉದಾಹರಣೆಯವರದ್ದು 3.4 ಮೀಟರ್. ಅರ್ಧ ಸುತ್ತು ಕಳೆದರೆ, ಅಂದರೆ 1.1 ಮೀಟರ್ ಮುಂದೆ ಬಂದರೆ 2.3. ಅರ್ಧ ಸುತ್ತು ಕೂಡಿಸಿದರೆ 4.5. ಪೂರ್ತಿ ಸುತ್ತು ಕೂಡಿಸಿದರೆ 5.6. ಮೊದಲೆರಡಕ್ಕೆ ಅಲಗು ಹಿಡಿಯಬೇಕು, 5.6ಕ್ಕೆ ಹಿಡಿ. ಅಲಗಿನ ಹಿಡಿತದಲ್ಲಿ ಕೈ ಬಿಡುವ ರೀತಿ ಸ್ವಲ್ಪ ಬೇರೆ ಇರುವುದರಿಂದ ಒಂದು ಪಾದ ಆಚೀಚೆ ಆಗಬಹುದು, ಅದನ್ನು ಮತ್ತೆ ಹಲಗೆ ನೋಡಿ ಸರಿ ಮಾಡಿಕೊಳ್ಳಿ.

ಎರಡು ಸುತ್ತು ಕಷ್ಟ ಯಾಕೆ ಅಂದರೆ, ಸುತ್ತಿನ ವೇಗದಲ್ಲಾಗುವ ತಪ್ಪು ದೂರದ ಜೊತೆ ಬೆಳೆಯುತ್ತದೆ. ಮಣಿಕಟ್ಟು ಸ್ವಲ್ಪ ಆಡಿ ಒಂದು ಸುತ್ತಿನಲ್ಲಿ 20 ಡಿಗ್ರಿ ತಪ್ಪಿದರೆ ಚಾಕು ಹೇಗೋ ಚುಚ್ಚಿ ನಿಲ್ಲುತ್ತದೆ. ಅದೇ ಕೈ ಎರಡು ಸುತ್ತಿನಲ್ಲಿ 40 ಡಿಗ್ರಿ ತಪ್ಪುತ್ತದೆ, ಚಾಕು ಬೀಳುತ್ತದೆ. ಆದ್ದರಿಂದ ಒಂದು ಸುತ್ತಿನಲ್ಲಿ ಚುಚ್ಚಿತೋ ಇಲ್ಲವೋ ಅನ್ನೋದನ್ನ ಮಾತ್ರ ನೋಡಿ ಹಿಂದೆ ಹೋಗಬೇಡಿ. ಚುಚ್ಚಿ ನಿಂತ ಚಾಕುಗಳೆಲ್ಲ ಒಂದೇ ಕೋನದಲ್ಲಿ ನಿಲ್ಲುತ್ತಿವೆಯಾ ಅಂತ ನೋಡಿ. ಒಂದರ ಹಿಡಿ ಮೇಲೆ, ಇನ್ನೊಂದರದ್ದು ಕೆಳಗೆ ಇದ್ದರೆ ಎಲ್ಲವೂ ಚುಚ್ಚಿದ್ದರೂ ಇನ್ನೂ ಅಲ್ಲೇ ಇರಿ.

ಕೊಡಲಿಯಲ್ಲಿ ಎರಡು ಸುತ್ತು ಅಂದರೆ ಸುಮಾರು 7 ಮೀಟರ್. ಅಷ್ಟು ದೂರಕ್ಕೆ ಕೊಡಲಿ ಸ್ವಲ್ಪ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ, ಗುರಿಗಿಂತ ತುಸು ಮೇಲಕ್ಕೆ ಎಸೆಯಬೇಕಾಗುತ್ತದೆ. ಮೇಲಕ್ಕೆ ಎಸೆಯೋದು ಅಂದರೆ ಬೇಗ ಬಿಡೋದು ಅಂತ ಕೈ ಅಂದುಕೊಳ್ಳುತ್ತದೆ, ಕಾವಿನ ತುದಿ ಬಡಿಯತೊಡಗುತ್ತದೆ. ಬಿಡುವ ಕ್ಷಣ ಬದಲಿಸಬೇಡಿ, ಗುರಿಯಿಡುವ ಬಿಂದುವನ್ನೇ ಮೇಲಕ್ಕೆತ್ತಿ. ಹಲಗೆಯ ಮೇಲೆ ಗುರಿಗಿಂತ ಒಂದು ಗೇಣು ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅದಕ್ಕೆ ಎಸೆಯಿರಿ, ಕೊಡಲಿ ಎಲ್ಲಿ ಬೀಳುತ್ತದೆ ನೋಡಿಕೊಂಡು ಆ ಗುರುತನ್ನು ಮೇಲೆ ಕೆಳಗೆ ಸರಿಸುತ್ತಾ ಹೋಗಿ. ಚುಚ್ಚಿದ ಕೊಡಲಿ ಕೀಳುವಾಗ ಕಾವನ್ನು ಮೇಲೆ ಕೆಳಗೆ ಆಡಿಸಿ ಬಿಡಿಸಿ. ಪಕ್ಕಕ್ಕೆ ತಿರುಚಿದರೆ ಕಾವು ತಲೆಯ ಹತ್ತಿರ ಸೀಳುತ್ತದೆ, ಸೀಳಿದ ಕಾವಿನ ಕೊಡಲಿಯನ್ನು ಮತ್ತೆ ಎಸೆಯುವ ಹಾಗಿಲ್ಲ.